ದಾರ ಸುತ್ತಿ ನೋಡಿ, ಆಮೇಲೆ ಕತ್ತರಿ

ಅಕ್ಕನ ಮಗಳು ಸೊಂಟದವರೆಗಿನ ಕೂದಲಿಗೆ ಲೇಯರ್ ಕಟ್ ಮಾಡಿಸಲು ಹೊರಟಿದ್ದಳು. ಗಲ್ಲದ ಮಟ್ಟದಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಂತೆ. "ತಡಿಯೇ, ಮೊದಲು ಅಳೆದು ನೋಡೋಣ" ಎಂದು ಕಿಟಕಿಯ ಪಕ್ಕ ಕೂರಿಸಿಕೊಂಡೆ.

ಅಳತೆಗೆ ಎಣ್ಣೆ ಹಚ್ಚದ, ತೊಳೆದು ಪೂರ್ತಿ ಒಣಗಿದ ಕೂದಲೇ ಬೇಕು. ಎಣ್ಣೆಯೋ ನೀರೋ ಇದ್ದರೆ ಎಳೆಗಳು ಅಂಟಿಕೊಂಡು ಬೈತಲೆ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ದಟ್ಟ ತಲೆಯಲ್ಲಿ ಬೈತಲೆ ಪೆನ್ಸಿಲಿನಿಂದ ಎಳೆದ ಗೆರೆಯಂತಿರುತ್ತದೆ. ವಿರಳವಾಗಿದ್ದರೆ ಚರ್ಮ ಪಟ್ಟಿಯಾಗಿ ಕಾಣುತ್ತದೆ. ದಿನಾ ಬೈತಲೆ ತೆಗೆಯುವ ಜಾಗವನ್ನಷ್ಟೇ ನಂಬಬೇಡಿ, ಪಕ್ಕದಲ್ಲೂ ಹಿಂತಲೆಯಲ್ಲೂ ತೆಗೆದು ನೋಡಿ. ಹಿಂತಲೆಯಲ್ಲಿ ಕಿರಿದಾಗಿದ್ದು ನೆತ್ತಿಯಲ್ಲಿ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅದು ಕತ್ತರಿಯಿಂದ ಸರಿಹೋಗುವಂಥದ್ದಲ್ಲ, ಚರ್ಮವೈದ್ಯರಿಗೆ ತೋರಿಸಬೇಕು.

ಇವಳ ಬೈತಲೆ ಎಲ್ಲ ಕಡೆಯೂ ಕಿರಿದಾಗಿತ್ತು. "ನೋಡಿದ್ಯಾ ಚಿಕ್ಕಮ್ಮ, ದಟ್ಟವಾಗಿದೆ" ಎಂದಳು. ಆದರೆ ಹಿಂದಕ್ಕೆ ಬಾಚಿ ಜುಟ್ಟು ಕಟ್ಟಿ, ರಬ್ಬರ್ ಬ್ಯಾಂಡಿನ ಪಕ್ಕದಲ್ಲೇ ದಾರ ಸುತ್ತಿ ಅಳೆದರೆ ಬಂದದ್ದು 6.5 ಸೆಂಟಿಮೀಟರ್. ಸುತ್ತಳತೆ 5ಕ್ಕಿಂತ ಕಡಿಮೆಯಿದ್ದರೆ ತೆಳು, 10 ದಾಟಿದರೆ ದಪ್ಪ ಎಂಬುದು ಪಾರ್ಲರಿನವರ ಅಂದಾಜು. ಬೈತಲೆ ದಟ್ಟವೆಂದರೂ ಜುಟ್ಟು ದಪ್ಪವಿಲ್ಲದಿದ್ದರೆ ಎಳೆಗಳ ಸಂಖ್ಯೆ ಚೆನ್ನಾಗಿದೆ, ಒಂದೊಂದು ಎಳೆ ನಯ ಎಂದರ್ಥ. ಬೈತಲೆ ಅಗಲವಿದ್ದೂ ಜುಟ್ಟು ದಪ್ಪವಿದ್ದರೆ ಎಳೆ ಕಡಿಮೆ, ಆದರೆ ಒರಟು. ಅದಕ್ಕೇ ಎರಡನ್ನೂ ನೋಡುವುದು. ಹಣೆಯ ಮೇಲೆ ಕತ್ತರಿಸಿ ಬಿಟ್ಟ ಕೂದಲು ಜುಟ್ಟಿಗೆ ಸೇರುವುದಿಲ್ಲ, ಅಂಥವರ ಅಳತೆ ಕಡಿಮೆಯೇ ಬರುತ್ತದೆ.

ಬುಡವನ್ನಷ್ಟೇ ಅಳೆದು ನಿಲ್ಲಿಸಲಿಲ್ಲ. ಅದೇ ಜುಟ್ಟಿಗೆ ಬೆನ್ನಿನ ನಡುವೆ ದಾರ ಸುತ್ತಿದೆ: 4.5. ತುದಿಗೆ ಒಂದಂಗುಲ ಮೇಲೆ: 2. ಸುತ್ತಳತೆ ಅರ್ಧವಾದರೆ ಕೂದಲು ಅರ್ಧವಲ್ಲ, ಕಾಲು ಭಾಗ. ಆ ಲೆಕ್ಕದಲ್ಲಿ ಬೆನ್ನಿನ ನಡುವೆ ಬುಡದ ಅರ್ಧದಷ್ಟು ಕೂದಲಿತ್ತು, ತುದಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ. ಸೊಂಟ ಮುಟ್ಟುತ್ತಿದ್ದದ್ದು ಇಲಿಬಾಲ.

ಲೇಯರ್ ಎಂದರೆ ಮೇಲಿನ ಪದರಗಳನ್ನು ಗಿಡ್ಡ ಮಾಡುವುದು, ಅಂದರೆ ಕೆಳಗೆ ತಲುಪುವ ಕೂದಲು ಇನ್ನೂ ಕಡಿಮೆಯಾಗುತ್ತದೆ. 11 ಸೆಂಟಿಮೀಟರಿನ ಜುಟ್ಟಿಗೆ ಅದರಿಂದ ಭಾರ ಇಳಿದು ಚಂದ ಬರುತ್ತದೆ. ಇವಳಿಗೆ ಗಲ್ಲದಿಂದ ಶುರು ಮಾಡಿದ್ದರೆ ಕೆಳಗೆ ಉಳಿಯುತ್ತಿದ್ದದ್ದು ನಾಲ್ಕು ಎಳೆ.

ಕೊನೆಗೆ, ಅರ್ಧ ಕೂದಲು ಉಳಿದಿದ್ದ ಆ 4.5ರ ಮಟ್ಟದಲ್ಲೇ ನೇರವಾಗಿ ಕತ್ತರಿಸಿ, ಕೆಳಗಿನ ಮೂರಂಗುಲದಲ್ಲಷ್ಟೇ ಹಗುರವಾಗಿ ಲೇಯರ್ ಕೊಡಿಸಿದೆವು. ಕನ್ನಡಿ ಮುಂದೆ ಜಡೆ ಹೆಣೆದುಕೊಂಡಳು. ಗಿಡ್ಡವಾಗಿತ್ತು, ಆದರೆ ಕೊನೆಯ ಹೆಣಿಗೆಯೂ ಬೆರಳಿನಷ್ಟು ದಪ್ಪ ಬಂದಿತ್ತು.