ಮೊಹರಿಗೂ ಒಂದು ಸಾಲು

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿ 1996ರಲ್ಲಿ ಕೊಟ್ಟ ಜನನ ಪ್ರಮಾಣಪತ್ರ ನಿಮ್ಮ ಮುಂದಿದೆ ಎಂದುಕೊಳ್ಳಿ. ಮಗು ಹುಟ್ಟಿದ್ದು 1978ರಲ್ಲಿ, ಹೆಸರು ಸವಿತಾ. ಈಗ ಆಕೆ ಅಮೆರಿಕದಲ್ಲಿದ್ದಾರೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತಿದ್ದಾರೆ. ಕಾಗದ ಪೂರ್ತಿ ಕನ್ನಡದಲ್ಲಿದೆ. ಅಚ್ಚಾದ ನಮೂನೆಯ ಖಾಲಿ ಜಾಗಗಳನ್ನು ಗುಮಾಸ್ತರೊಬ್ಬರು ನೀಲಿ ಶಾಯಿಯಲ್ಲಿ, ಕನ್ನಡ ಅಂಕಿಗಳಲ್ಲಿ ತುಂಬಿದ್ದಾರೆ. ಬಲ ಮೇಲ್ತುದಿಯಲ್ಲಿ ಕೋರ್ಟ್ ಫೀ ಸ್ಟಾಂಪು, ಎಡಗಡೆ ಕೆಳಗೆ ದುಂಡು ಮೊಹರು, ಬಲಗಡೆ ಸಹಿ, ಸಹಿಯ ಕೆಳಗೆ ಹುದ್ದೆಯ ಮೊಹರು. ಹಾಳೆ ತಿರುಗಿಸಿದರೆ ನಕಲು ಕೇಳಿದ ದಿನ, ಕೊಟ್ಟ ದಿನ ತೋರಿಸುವ ಇನ್ನೊಂದು ಮೊಹರು.

ಇಂಥ ಕಾಗದವನ್ನು ಕೊಟ್ಟರೆ ಅನೇಕರು ಹೆಸರು, ದಿನಾಂಕ, ಊರು, ತಂದೆತಾಯಿಯ ಹೆಸರುಗಳನ್ನಷ್ಟೇ ಇಂಗ್ಲಿಷಿಗೆ ತಿರುಗಿಸಿ ಕೊಡುತ್ತಾರೆ. ಅದು ಸಾಲದು. ಅಮೆರಿಕದ ವಲಸೆ ನಿಯಮ ಕೇಳುವುದು ಪೂರ್ಣ ಅನುವಾದವನ್ನು. ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ಈ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ನನಗಿದೆ ಎಂದು ಅನುವಾದಕರು ದೃಢೀಕರಿಸಬೇಕು. ಮೊಹರಿನೊಳಗೂ ಕನ್ನಡ ಅಕ್ಷರಗಳಿವೆ. ಅವನ್ನು ಬಿಟ್ಟರೆ 'ಪೂರ್ಣ' ಎಂಬ ಮಾತು ಸುಳ್ಳಾಗುತ್ತದೆ. ಕನ್ನಡ ಬಾರದ ಅಧಿಕಾರಿಗೆ ಈ ಕಾಗದವನ್ನು ಕೊಟ್ಟ ಕಚೇರಿ ಯಾವುದು, ಸಹಿ ಹಾಕಿದವರು ಯಾವ ಹುದ್ದೆಯವರು ಎಂದು ತಿಳಿಸುವುದೂ ಬಹಳಷ್ಟು ಸಲ ಮೊಹರುಗಳೇ.

ತೊಡಕು ನಮ್ಮ ಮಾತಿನಲ್ಲೇ ಶುರುವಾಗುತ್ತದೆ. ನಾವು 'ಸ್ಟಾಂಪು' ಎಂದಾಗ ಅದು ರಬ್ಬರಿನಿಂದ ಒತ್ತಿದ ಗುರುತಾಗಬಹುದು, ಹಣ ಕೊಟ್ಟು ಅಂಟಿಸಿದ ಚೀಟಿಯಾಗಬಹುದು, ಛಾಪಾ ಕಾಗದವೂ ಆಗಬಹುದು. 'ಸೀಲು' ಎಂದರೆ ಶಾಯಿಯದ್ದೂ ಹೌದು, ಶಾಯಿಯಿಲ್ಲದ ಉಬ್ಬು ಮುದ್ರೆಯೂ ಹೌದು. ಅನುವಾದದಲ್ಲಿ ಇವನ್ನು ಬೇರೆ ಬೇರೆ ಮಾಡಿ ಹೇಳಬೇಕು. ಪ್ರತಿ ಗುರುತಿಗೂ ನಾಲ್ಕು ಸಂಗತಿ ಬರೆದರೆ ಸಾಕು: ಎಲ್ಲಿದೆ, ಯಾವ ಆಕಾರ, ಯಾವ ಬಣ್ಣ ಅಥವಾ ಬಗೆ, ಒಳಗೇನು ಬರೆದಿದೆ. ಇದು ಅನುವಾದಕರ ವಿವರಣೆ, ಮೂಲದ ವಾಕ್ಯವಲ್ಲ ಎಂದು ತಿಳಿಯಲು ಚೌಕ ಆವರಣದೊಳಗೆ ಹಾಕುವುದು ರೂಢಿ.

ಸವಿತಾ ಅವರ ಕಾಗದದ ದುಂಡು ಮೊಹರಿಗೆ ಸಿಗುವ ಸಾಲು ಹೀಗಿರುತ್ತದೆ: 'ಕೆಳಗೆ ಎಡಭಾಗದಲ್ಲಿ ನೇರಳೆ ಶಾಯಿಯ ದುಂಡು ಮೊಹರು. ನಡುವೆ ಕರ್ನಾಟಕ ಸರ್ಕಾರದ ಲಾಂಛನ. ಅಂಚಿನ ಸುತ್ತ: ತಹಶೀಲ್ದಾರರ ಕಚೇರಿ, ಮುಂದಿನ ಒಂದು ಪದ ಅಸ್ಪಷ್ಟ.' ಲಾಂಛನದಲ್ಲಿ ಗಂಡಭೇರುಂಡವಿದೆ ಎಂದು ಅದರ ಕಥೆ ಹೇಳಬೇಕಾಗಿಲ್ಲ. ಆದರೆ 'ಅಸ್ಪಷ್ಟ' ಎಂಬ ಮಾತನ್ನು ಬಿಡಬಾರದು. ಅಲ್ಲಿ ತಾಲ್ಲೂಕಿನ ಹೆಸರೇ ಇರಬೇಕು ಎಂದು ನಮಗೆ ಗೊತ್ತು, ಪಕ್ಕದಲ್ಲಿ ಅಚ್ಚಾಗಿಯೂ ಇದೆ. ಹಾಗಿದ್ದರೂ ಮೊಹರಿನಲ್ಲಿ ಓದಲಾಗದ್ದನ್ನು ಓದಿದೆ ಎಂದು ಬರೆಯಕೂಡದು. ಮೂಲದಲ್ಲಿ ಮಸಿ ಕಲೆಯಾಗಿರುವಲ್ಲಿ ಅನುವಾದದಲ್ಲಿ ಸ್ಪಷ್ಟ ಹೆಸರು ಕಂಡರೆ, ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಕೋರ್ಟ್ ಫೀ ಸ್ಟಾಂಪಿಗೆ ಅದರ ಬೆಲೆಯನ್ನೂ, ಅದರ ಮೇಲೆ ಅಡ್ಡಲಾಗಿ ರದ್ದತಿಯ ಗುರುತು ಬಿದ್ದಿದ್ದರೆ ಅದನ್ನೂ ಬರೆಯಬೇಕು. ಆ ಗುರುತನ್ನು ವಿವರಿಸದಿದ್ದರೆ, ಕಾಗದವನ್ನೇ ರದ್ದು ಮಾಡಿದ್ದಾರೆ ಎಂದು ಪರಭಾಷೆಯವರು ಭಾವಿಸುವ ಅಪಾಯವಿದೆ. ರದ್ದಾಗಿರುವುದು ಚೀಟಿ ಮಾತ್ರ, ಅದನ್ನು ಮತ್ತೊಮ್ಮೆ ಬಳಸದಿರಲಿ ಎಂದು.

ಇನ್ನು ಒಳಗಿನ ಬರಹ. ಈ ಕಾಗದದಲ್ಲಿ ಮೂರು ದಿನಾಂಕಗಳಿವೆ: ಹುಟ್ಟಿದ್ದು, ನೋಂದಾಯಿಸಿದ್ದು, ಪ್ರಮಾಣಪತ್ರ ಕೊಟ್ಟದ್ದು. ಹುಟ್ಟಿದ ದಿನ ೦೫-೦೮-೧೯೭೮ ಎಂದಿದೆ. ನಮಗೆ ಅದು ಆಗಸ್ಟ್ ಐದು. ತಿಂಗಳನ್ನು ಮೊದಲು ಬರೆಯುವ ಅಮೆರಿಕದವರಿಗೆ ಮೇ ಎಂಟು. ಆದ್ದರಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. ಕೈಬರಹದ ೬, ೭, ೯ ಒಂದರಂತೆ ಇನ್ನೊಂದು ಕಾಣುವುದರಿಂದ, ಅದೇ ಗುಮಾಸ್ತರು ಬೇರೆ ಸಾಲಿನಲ್ಲಿ ಆ ಅಂಕಿಯನ್ನು ಹೇಗೆ ಬರೆದಿದ್ದಾರೆ ಎಂದು ಹೋಲಿಸಿ ನೋಡುವುದು ಒಳ್ಳೆಯದು.

ಮಾಹಿತಿ ಕೊಟ್ಟವರ ಹೆಸರು 'ರಂಗಯ್ಯ ಬಿನ್ ತಿಮ್ಮಯ್ಯ' ಎಂದಿದೆ. ಇಲ್ಲಿ 'ಬಿನ್' ಹೆಸರಿನ ಭಾಗವಲ್ಲ, ಮಗ ಎಂದು ಅರ್ಥ. ಹೆಂಗಸಿನ ಹೆಸರಿನ ಮುಂದೆ ಬರುವ 'ಕೋಂ' ಎಂದರೆ ಹೆಂಡತಿ. ಇವನ್ನು ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿದರೆ ರಂಗಯ್ಯನವರಿಗೆ ಹೊಸದೊಂದು ನಡುಹೆಸರು ಹುಟ್ಟಿಕೊಳ್ಳುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಇರುವುದಿಲ್ಲ.

ಕಾಗುಣಿತಕ್ಕೂ ಪಾಸ್‌ಪೋರ್ಟೇ ಆಧಾರ. ಹಳೆ ಮೈಸೂರಿನ ಕಡೆ ಸವಿತಾ ಎಂದು ಬರೆಯುವಾಗ 'ತ'ಕ್ಕೆ ಟಿ ಜೊತೆ ಎಚ್ ಸೇರಿಸುವ ವಾಡಿಕೆಯಿದೆ, ಬೇರೆಯವರು ಟಿ ಮಾತ್ರ ಬರೆಯುತ್ತಾರೆ. ಕನ್ನಡದ ಮೂಲ ಎರಡಕ್ಕೂ ಒಪ್ಪುತ್ತದೆ, ಹಾಗಾಗಿ ಪಾಸ್‌ಪೋರ್ಟಿನಲ್ಲಿರುವುದನ್ನು ಅನುಸರಿಸಬಹುದು. ಊರಿನ ಹೆಸರೂ ಹಾಗೆಯೇ. ಕನ್ನಡದಲ್ಲಿ ಎಂದಿನಿಂದಲೂ ತುಮಕೂರು. ಇಂಗ್ಲಿಷಿನಲ್ಲಿ ಟುಮ್ಕೂರ್ ಆಗಿದ್ದದ್ದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ತುಮಕೂರು ಆಯಿತು. ಪಾಸ್‌ಪೋರ್ಟಿನಲ್ಲಿ ಹಳೆಯ ರೂಪವಿದ್ದರೆ, ಎರಡೂ ಒಂದೇ ಊರು ಎಂದು ಟಿಪ್ಪಣಿ ಹಾಕಿದರಾಯಿತು. ಆದರೆ ಮೂಲದಲ್ಲಿ ಸವಿತಾ ಎಂದಿದ್ದು ಪಾಸ್‌ಪೋರ್ಟಿನಲ್ಲಿ ಸವಿತಾ ರಂಗಯ್ಯ ಎಂದಿದ್ದರೆ ಅನುವಾದದಲ್ಲಿ 'ರಂಗಯ್ಯ' ಸೇರಿಸುವಂತಿಲ್ಲ. ಹಳೆಯ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಅದನ್ನು 'ಖಾಲಿ ಬಿಡಲಾಗಿದೆ' ಎಂದೇ ಬರೆಯಬೇಕು. ಆ ಕೊರತೆಯನ್ನು ತುಂಬುವುದು ನೋಂದಣಾಧಿಕಾರಿಯ ಕಚೇರಿ, ಶಾಲಾ ದಾಖಲೆ, ಬಂಧುಗಳ ಪ್ರಮಾಣಪತ್ರಗಳ ಕೆಲಸ.

ಮದುವೆಯ ಪ್ರಮಾಣಪತ್ರದಲ್ಲಿ ವಧೂವರರ ಫೋಟೊ ಅಂಟಿಸಿ, ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಮೊಹರು ಒತ್ತಿದ್ದರೆ, 'ಫೋಟೊ ಮತ್ತು ಕಾಗದದ ಮೇಲೆ ಹಾಯ್ದ ಮೊಹರು' ಎಂದೇ ವಿವರಿಸಬೇಕು. ಫೋಟೊ ಬದಲಾಗಿಲ್ಲ ಎಂಬುದಕ್ಕೆ ಅದು ಗುರುತು. ಪದವಿ ಪ್ರಮಾಣಪತ್ರದ ತೊಂದರೆ ಬೇರೆ. ಅದರಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಆದರೆ ಉಬ್ಬು ಮುದ್ರೆ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಮೂಲವನ್ನು ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದರೆ ಅಕ್ಷರಗಳು ಎದ್ದು ಬರುತ್ತವೆ. ಪೆನ್ಸಿಲ್ ಉಜ್ಜಿ ಓದಲು ಹೋಗಬಾರದು, ಮೂಲ ದಾಖಲೆ ಕೆಡುತ್ತದೆ. ಪದವಿಯ ಹೆಸರಿನಲ್ಲೂ ಎಚ್ಚರ ಬೇಕು. 'ಕಲಾ ಸ್ನಾತಕ' ಬ್ಯಾಚುಲರ್ ಆಫ್ ಆರ್ಟ್ಸ್ ಆಗುತ್ತದೆ, ಆದರೆ ಅದು ಅಮೆರಿಕದ ಯಾವ ಪದವಿಗೆ ಸಮ ಎಂದು ಹೇಳುವುದು ಅನುವಾದವಲ್ಲ. ಅದಕ್ಕೆ ಬೇರೆ ಮೌಲ್ಯಮಾಪಕರಿದ್ದಾರೆ.

ಕೊನೆಯ ಹಾಳೆ ಅನುವಾದಕರ ದೃಢೀಕರಣ. ಅದರಲ್ಲಿ ಹೆಸರು, ಸಹಿ, ವಿಳಾಸ, ದಿನಾಂಕ ಇರಬೇಕು. ಅಮೆರಿಕದ ವಲಸೆ ಕಚೇರಿ ನೋಟರಿ ಮೊಹರು ಕೇಳುವುದಿಲ್ಲ. ಕೆನಡಾದ ನಿಯಮ ಬೇರೆ: ಅರ್ಜಿದಾರರಾಗಲಿ ಅವರ ಕುಟುಂಬದವರಾಗಲಿ ಅನುವಾದ ಮಾಡುವಂತಿಲ್ಲ, ಮಾನ್ಯತೆ ಪಡೆದ ಅನುವಾದಕರಲ್ಲದವರು ಪ್ರಮಾಣ ಮಾಡಿದ ಅಫಿಡವಿಟ್ ಕೊಡಬೇಕು. ಆದ್ದರಿಂದ ಒಂದು ದೇಶಕ್ಕೆ ಮಾಡಿಸಿದ್ದನ್ನು ಇನ್ನೊಂದಕ್ಕೆ ಕಳಿಸುವ ಮೊದಲು ಆ ದೇಶದ ಸೂಚನೆಯನ್ನು ಓದಿಕೊಳ್ಳಬೇಕು.

ಅನುವಾದ ಕೈಗೆ ಬಂದಾಗ ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿಯೂ ಒಂದು ಪರೀಕ್ಷೆ ಮಾಡಬಹುದು. ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟು ಮೂಲದ ಗುರುತುಗಳನ್ನು ಬೆರಳಿಟ್ಟು ಎಣಿಸಿ, ಹಿಂಬದಿಯನ್ನೂ ಸೇರಿಸಿ. ಸವಿತಾ ಅವರ ಕಾಗದದಲ್ಲಿ ಸಹಿಯೂ ಸೇರಿ ಐದು ಇವೆ. ಅನುವಾದದಲ್ಲಿ ಚೌಕ ಆವರಣದ ಸಾಲುಗಳು ನಾಲ್ಕೇ ಇದ್ದರೆ, ಅದನ್ನು ವಾಪಸ್ ಕೊಡಿ.