ಮೋಟಾರು ಸುಟ್ಟಾಗ ಬರೆಯುವ ಪತ್ರ

ಊರಿನ ಕೊಳವೆಬಾವಿಯ ಮೋಟಾರು ಸುಟ್ಟಿದೆ ಎಂದುಕೊಳ್ಳಿ. ಪಂಚಾಯಿತಿ ಕಾರ್ಯದರ್ಶಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮಂಜೂರಾತಿ ಕೋರಿ ಪತ್ರ ಬರೆಯಬೇಕು. ‘ನೀರಿಗೆ ತುಂಬಾ ತೊಂದರೆ’ ಎಂದಷ್ಟೇ ಬರೆದರೆ ಕಡತ ಮುಂದೆ ಸಾಗುವುದಿಲ್ಲ. ಯಾವ ಬಾವಿ, ಯಾವತ್ತಿನಿಂದ ನಿಂತಿದೆ, ಎಷ್ಟು ಜನರಿಗೆ ನೀರಿಲ್ಲ ಎಂಬುದು ಬೇಕು. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 600 ಜನರ ಊರಾದರೆ 33,000 ಲೀಟರ್ ಕೊರತೆ. ಈ ಒಂದು ಅಂಕಿ ಎಷ್ಟೋ ವಿಶೇಷಣಗಳಿಗಿಂತ ಮೇಲು.

ಪತ್ರದ ಜೀವಾಳ ಮಾತ್ರ ಕಾರಣ. ಮೋಟಾರು ಏಕೆ ಸುಟ್ಟಿತು? ನಿಲ್ಲುವ ಮೊದಲು ನಲ್ಲಿಯಲ್ಲಿ ನೀರಿನ ಜೊತೆ ಗಾಳಿ ಬುಸುಗುಡುತ್ತಿತ್ತೇ ಎಂದು ನೀರುಗಂಟಿಯನ್ನು ಕೇಳಬೇಕು. ಹೌದಾದರೆ ಅಂತರ್ಜಲ ಕೆಳಗಿಳಿದು ಮೋಟಾರು ಒಣಗಿ ಓಡಿರುವ ಸಾಧ್ಯತೆ ಹೆಚ್ಚು. ಅದೇ ಆಳಕ್ಕೆ ಹೊಸದನ್ನು ಇಳಿಸಿದರೆ ಅದೂ ಸುಡುತ್ತದೆ. ಆಗ ಕೇಳಬೇಕಾದ್ದು ಮೋಟಾರಿನ ಜೊತೆಗೆ ಹೆಚ್ಚುವರಿ ಪೈಪು, ಕೇಬಲ್ಲು. ಇಂಜಿನಿಯರ್ ಸ್ಥಳ ನೋಡಿ ಅಂದಾಜುಪಟ್ಟಿ ತಯಾರಿಸುವುದು ಇದಕ್ಕೇ.

ಅದರೊಂದಿಗೆ ಪಂಚಾಯಿತಿ ಸಭೆಯ ನಡಾವಳಿಯ ನಕಲನ್ನು ಲಗತ್ತಿಸಿ, ಖರ್ಚು ಯಾವ ಅನುದಾನದಿಂದ ಎಂದು ಹೆಸರಿಸಬೇಕು. ದುರಸ್ತಿ ಮುಗಿಯುವವರೆಗಿನ ಟ್ಯಾಂಕರ್ ವ್ಯವಸ್ಥೆಯನ್ನೂ ಕೊನೆಯ ಪ್ಯಾರಾದಲ್ಲಿ ದಿನಾಂಕ ಸಮೇತ ಬರೆಯಬೇಕು.