ವಿಡಿಯೋ ಪ್ರಚಾರಕ್ಕೆ ಕೊಡುವ ಸೂಚನಾ ಪತ್ರ ಹೇಗಿರಬೇಕು?

ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿಗಳನ್ನು ಪೊಟ್ಟಣ ಕಟ್ಟಿ ಮಾರುವ ನಮ್ಮ ಸದಸ್ಯರಲ್ಲಿ ಹಲವರು ಈಗ ಪತ್ರಿಕೆಗೆ ಜಾಹೀರಾತು ಕೊಡುವ ಬದಲು, ಮೊಬೈಲಿನಲ್ಲಿ ವಿಡಿಯೋ ಮಾಡಿ ಹೆಸರಾದವರ ಮೂಲಕ ಪ್ರಚಾರ ಮಾಡಿಸುತ್ತಿದ್ದಾರೆ. ಇಂಥವರನ್ನು ಇನ್‌ಫ್ಲುಯೆನ್ಸರ್ ಎಂದು ಕರೆಯುವ ರೂಢಿ. ಅವರು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಾವು ಬರೆದುಕೊಡುವ ಕಾಗದಕ್ಕೆ ಬ್ರೀಫ್ ಎನ್ನುತ್ತಾರೆ. ಇಲ್ಲಿ ಅದನ್ನು ಸೂಚನಾ ಪತ್ರ ಎಂದೇ ಕರೆಯೋಣ. ಈ ಪತ್ರ ಅಸ್ಪಷ್ಟವಾಗಿದ್ದರೆ ಪ್ರಚಾರ ಕೆಡುವುದಷ್ಟೇ ಅಲ್ಲ, ಕಾನೂನಿನ ತೊಡಕೂ ಬರುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ತಪ್ಪು ದಾರಿಗೆಳೆಯುವ ಜಾಹೀರಾತಿಗೆ ತಯಾರಕರಿಗೂ, ಅದನ್ನು ಅನುಮೋದಿಸಿ ಮಾತನಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ.

ಸಂಘದ ಕಾಫಿ ಪುಡಿಯನ್ನು ರೋಣ, ನರಗುಂದ, ಗಜೇಂದ್ರಗಡದ ಕಡೆ ಮಾರಬೇಕೆಂದು ನಾವು ತೀರ್ಮಾನಿಸಿದಾಗ ಈ ಕೆಲಸ ನಮ್ಮ ಮುಂದೆ ಬಂತು. ಅದು ಜೋಳ, ಕಡಲೆ ಬೆಳೆಯುವ ಎರೆಭೂಮಿ, ಮನೆಮನೆಯಲ್ಲಿ ಚಹಾ. ರೋಣ ತಾಲ್ಲೂಕಿನ ಬೆಳವಣಕಿಯ ಒಬ್ಬ ಗೃಹಿಣಿ ರೊಟ್ಟಿ, ಪಲ್ಯ, ಚಟ್ನಿಪುಡಿಗಳ ವಿಡಿಯೋ ಮಾಡುತ್ತಾರೆ; ಆ ಭಾಗದವರು ಆಸೆಪಟ್ಟು ನೋಡುತ್ತಾರೆ. ಒಂದೂವರೆ ನಿಮಿಷದ ಒಂದು ವಿಡಿಯೋಗೆ 8,000 ರೂಪಾಯಿ ಮತ್ತು ಎರಡು ಕಿಲೋ ಪುಡಿ ಎಂದು ಮಾತಾಯಿತು. ಸೂಚನಾ ಪತ್ರದ ಕರಡನ್ನು ನಗರದ ಒಂದು ಪ್ರಚಾರ ಸಂಸ್ಥೆ ಸಿದ್ಧಪಡಿಸಿ ಕಳುಹಿಸಿತು. ಅದರ ತಿರುಳು ಈ ನಾಲ್ಕು ವಾಕ್ಯಗಳಲ್ಲಿತ್ತು:

"ಈ ಅಪ್ಪಟ ಕಾಫಿಯನ್ನು ವರ್ಷಗಳಿಂದ ಕುಡಿಯುತ್ತಿರುವುದಾಗಿ ಸಹಜವಾಗಿ ಹೇಳಬೇಕು. ಕಾಫಿಯು ಸಕ್ಕರೆ ಕಾಯಿಲೆಯನ್ನು ತಡೆಯುತ್ತದೆಂಬ ಅಂಶವನ್ನು ತಮ್ಮದೇ ಮಾತಿನಲ್ಲಿ ತರಬೇಕು. ವಿಡಿಯೋ ಜಾಹೀರಾತಿನಂತೆ ತೋರಬಾರದು. ಸಂಬಂಧಪಟ್ಟ ನಿಯಮಗಳನ್ನು ಪಾಲಿಸಬೇಕು."

ಓದಲು ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಯಾವ ಮಾತು ಕಡ್ಡಾಯ, ಯಾವುದು ಅವರ ಇಷ್ಟ ಎಂಬುದು ಇದರಿಂದ ತಿಳಿಯುವುದಿಲ್ಲ. "ಹೇಳಬೇಕು" ಮತ್ತು "ಸಹಜವಾಗಿ" ಒಂದೇ ವಾಕ್ಯದಲ್ಲಿವೆ. ಮೂರನೆಯ ವಾಕ್ಯ ಜಾಹೀರಾತೆಂಬುದನ್ನು ಮರೆಮಾಚಿ ಎನ್ನುತ್ತದೆ, ನಾಲ್ಕನೆಯದು ಅದನ್ನು ತಿಳಿಸಬೇಕೆಂಬ ನಿಯಮವನ್ನು ಪಾಲಿಸಿ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವುದು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಕರಡನ್ನು ಬದಿಗಿಟ್ಟು, ಪತ್ರವನ್ನು ಮೂರು ಭಾಗ ಮಾಡಿ ಹೊಸದಾಗಿ ಬರೆದೆವು.

ಮೊದಲನೆಯ ಭಾಗ: ಹೇಳಲೇಬೇಕಾದ ಮಾತು

ಇಲ್ಲಿ ಒಂದೇ ನಿಯಮ ಇಟ್ಟುಕೊಂಡೆವು. ಸಂಘದ ಕಡತದಲ್ಲಿ ಆಧಾರವಿಲ್ಲದ ಯಾವ ಮಾತೂ ಕಡ್ಡಾಯವಾಗಬಾರದು. ಒಂದೂವರೆ ನಿಮಿಷದಲ್ಲಿ ಮೂರಕ್ಕಿಂತ ಹೆಚ್ಚು ವಿಷಯ ನೋಡುವವರ ನೆನಪಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಮೂರನ್ನೇ ಆರಿಸಿದೆವು. ಪ್ರತಿಯೊಂದರ ಎದುರಿಗೆ ಅದರ ಆಧಾರವನ್ನು ಬರೆದೆವು.

1. ಈ ಪುಡಿಯಲ್ಲಿ ಶೇಕಡ 80 ಕಾಫಿ, ಶೇಕಡ 20 ಚಿಕೋರಿ ಇದೆ. ಆಧಾರ: ಪೊಟ್ಟಣದ ಮೇಲಿನ ಮುದ್ರಣ ಮತ್ತು ಮಿಶ್ರಣದ ದಾಖಲೆ ಪುಸ್ತಕ.

2. ಬೀಜವೆಲ್ಲ ಸಂಘದ ಸದಸ್ಯರ ತೋಟಗಳದು. ಆಧಾರ: ಖರೀದಿ ಪುಸ್ತಕ.

3. ಪೊಟ್ಟಣದ ಬೆಲೆ ಮತ್ತು ತರಿಸಿಕೊಳ್ಳುವ ವಿಧಾನ. ಆಧಾರ: ಆ ತಿಂಗಳ ದರಪಟ್ಟಿ.

ಮೊದಲನೆಯ ಅಂಶದ ಬಗ್ಗೆ ಒಂದು ಮಾತು. ಚಿಕೋರಿ ಬೆರೆಸಿದ ಪುಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಪ್ರಮಾಣ ಮುದ್ರಿಸುವುದು ಕಡ್ಡಾಯ. ಪೊಟ್ಟಣದ ಮೇಲೆ ಹಾಗೆ ಅಚ್ಚು ಹಾಕಿಸಿ, ವಿಡಿಯೋದಲ್ಲಿ "ಅಪ್ಪಟ ಕಾಫಿ" ಎನ್ನಿಸಿದರೆ ನಮ್ಮ ಪೊಟ್ಟಣವೇ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಚಿಕೋರಿಯ ಮಾತು ಬೇಡವೆಂದು ಕೆಲವು ಸದಸ್ಯರು ಹೇಳಿದರು. ಆದರೆ ಗಟ್ಟಿಯಾದ ಡಿಕಾಕ್ಷನ್ ಬಯಸುವವರು ಚಿಕೋರಿ ಇದೆಯೆಂದೇ ಕೊಳ್ಳುತ್ತಾರೆ. ಬೇಡದವರಿಗೆ ಮೊದಲೇ ತಿಳಿದರೆ ಪೊಟ್ಟಣ ವಾಪಸು ಬರುವುದಿಲ್ಲ.

ಇದೇ ಭಾಗದ ಕೆಳಗೆ ಹೇಳಬಾರದ ಮಾತುಗಳನ್ನೂ ಬರೆದೆವು. ಕಾಫಿ ಕುಡಿದರೆ ಯಾವುದೇ ಕಾಯಿಲೆ ಬರುವುದಿಲ್ಲ ಅಥವಾ ವಾಸಿಯಾಗುತ್ತದೆ ಎನ್ನಬಾರದು. ಆಹಾರ ಪದಾರ್ಥದ ಜಾಹೀರಾತಿನಲ್ಲಿ ಇಂಥ ಮಾತಿಗೆ ಅವಕಾಶವಿಲ್ಲ. ಪ್ರಮಾಣಪತ್ರ ಇಲ್ಲದಿರುವಾಗ "ಸಾವಯವ" ಎನ್ನಬಾರದು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾ ಎಂಬವು 2019ರಲ್ಲಿ ಭೌಗೋಳಿಕ ಗುರುತು ಪಡೆದ ಹೆಸರುಗಳು. ರೊಬಸ್ಟಾ ಬೆರೆತ ನಮ್ಮ ಪುಡಿಗೆ ಅವುಗಳನ್ನು ಅಂಟಿಸಬಾರದು.

ಅದೇ ವಿಡಿಯೋದಲ್ಲಿ ನಮ್ಮ ಅಡಿಕೆಯನ್ನೂ ತೋರಿಸಿ, ಊಟದ ಮೇಲೆ ಜೀರ್ಣಕ್ಕೆ ಒಳ್ಳೆಯದೆಂದು ಒಂದು ಮಾತು ಹೇಳಿಸಬಹುದಲ್ಲ ಎಂದು ಕೆಲವರು ಕೇಳಿದ್ದುಂಟು. ಅಡಿಕೆ ನಮ್ಮ ಅನ್ನ. ಆದರೂ ಈ ವಿಷಯದಲ್ಲಿ ಕಣ್ಣುಮುಚ್ಚಿ ನಡೆಯುವಂತಿಲ್ಲ. ಪೊಟ್ಟಣ ಕಟ್ಟಿ ಮಾರುವ ಸುಪಾರಿಯ ಮೇಲೂ, ಅದರ ಜಾಹೀರಾತಿನಲ್ಲೂ, ಅದನ್ನು ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಇರಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಹೀಗಿರುವಾಗ ಜೀರ್ಣದ ಮಾತನ್ನು ಪರವೂರಿನ ಹೆಣ್ಣುಮಗಳ ಬಾಯಲ್ಲಿ ಹೇಳಿಸಿ ಅವರನ್ನು ಸಿಕ್ಕಿಸುವುದು ನ್ಯಾಯವಲ್ಲ. ಆ ಸಲಹೆಯನ್ನು ಕೈಬಿಟ್ಟೆವು.

ಎರಡನೆಯ ಭಾಗ: ಅವರಿಗೆ ಬಿಟ್ಟದ್ದು

ಕರಡಿನ ಜೊತೆ ಗ್ರಾಂಥಿಕ ಕನ್ನಡದಲ್ಲಿ ಬರೆದ ಸಂಭಾಷಣೆಯೂ ಇತ್ತು. ಅದನ್ನು ಓದಿ ಆಕೆ ಫೋನಿನಲ್ಲಿ ಹೇಳಿದ್ದು: "ಸರ, ನಾವು ಮನ್ಯಾಗ ಹಿಂಗ ಮಾತಾಡಂಗಿಲ್ರಿ. ಓದಿ ಹೇಳಾಕತ್ತಾಳ ಅಂತ ನೋಡಾವ್ರಿಗೆ ತಿಳೀತೈತ್ರಿ." ಅವರ ಮಾತು ಸರಿ. ನಾವು ಹಣ ಕೊಡುತ್ತಿರುವುದೇ ಅವರ ಮಾತಿನ ರೀತಿಗೆ, ಅದರ ಮೇಲೆ ಜನ ಇಟ್ಟ ನಂಬಿಕೆಗೆ.

ಆದ್ದರಿಂದ ಸಂಭಾಷಣೆಯನ್ನು ತೆಗೆದುಹಾಕಿ, ಏನೇನು ಅವರ ಇಷ್ಟ ಎಂಬುದನ್ನು ಹೆಸರಿಟ್ಟು ಬರೆದೆವು. ಭಾಷೆ, ಜಾಗ, ಉಡುಪು, ಜೊತೆಗೆ ಯಾರಿರಬೇಕು, ಕಾಫಿ ಮಾಡುವ ವಿಧಾನ, ಬೆಲ್ಲವೋ ಸಕ್ಕರೆಯೋ, ಮೂರು ಅಂಶಗಳಲ್ಲಿ ಯಾವುದು ಮೊದಲು ಎಂಬುದೆಲ್ಲ ಅವರಿಗೆ ಸೇರಿದ್ದು. "ಸೃಜನಶೀಲ ಸ್ವಾತಂತ್ರ್ಯವಿದೆ" ಎಂದು ಒಂದು ಸಾಲು ಬರೆದು, ಆಮೇಲೆ ಸೀರೆಯ ಬಣ್ಣ ಬದಲಿಸಿ ಎಂದರೆ ಅದು ಸ್ವಾತಂತ್ರ್ಯವಲ್ಲ.

ರುಚಿಯ ಬಗೆಗಿನ ಅಭಿಪ್ರಾಯವೂ ಅವರದೇ, ಆದರೆ ಅದು ನಿಜವಾದದ್ದಾಗಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅನುಮೋದಿಸುವವರ ಮಾತು ಅವರ ಪ್ರಾಮಾಣಿಕ ಅಭಿಪ್ರಾಯವಾಗಿದ್ದು, ಸಾಕಷ್ಟು ಮಾಹಿತಿ ಅಥವಾ ಅನುಭವದಿಂದ ಬಂದಿರಬೇಕು. "ವರ್ಷಗಳಿಂದ ಕುಡಿಯುತ್ತಿದ್ದೇನೆ" ಎಂಬುದು ಇಲ್ಲಿಯೇ ಬಿದ್ದುಹೋಗುತ್ತದೆ. ಅದರ ಬದಲು ಪುಡಿಯನ್ನು ಎರಡು ವಾರ ಮೊದಲೇ ಕಳುಹಿಸಿದೆವು. ಕುಡಿದು ನೋಡಿ ಹಿಡಿಸದಿದ್ದರೆ ವಿಡಿಯೋ ಮಾಡಬೇಕಾಗಿಲ್ಲ, ಪುಡಿಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ ಎಂದು ಪತ್ರದಲ್ಲಿ ಸೇರಿಸಿದೆವು. ಕಹಿ ಹೆಚ್ಚೆನಿಸಿದರೆ ಹಾಗೆಂದು ಹೇಳಲೂ ಅಡ್ಡಿಯಿಲ್ಲ.

ಈ ಸ್ವಾತಂತ್ರ್ಯ ಉಳಿಯುವುದೂ ಅಳಿಯುವುದೂ ಒಪ್ಪಿಗೆ ಕೊಡುವ ಹಂತದಲ್ಲಿ. ಅದಕ್ಕೆ ಹೀಗೆ ಬರೆದೆವು: ಪ್ರಕಟಿಸುವ ಮುನ್ನ ವಿಡಿಯೋವನ್ನು ಸಂಘಕ್ಕೆ ಒಮ್ಮೆ ತೋರಿಸಬೇಕು. ಮೂರು ಅಂಶಗಳು ಸರಿಯಾಗಿವೆಯೇ, ನಿಷಿದ್ಧ ಮಾತು ನುಸುಳಿದೆಯೇ, ಜಾಹೀರಾತೆಂಬ ಸೂಚನೆ ಇದೆಯೇ ಎಂಬಷ್ಟನ್ನು ಮಾತ್ರ ಸಂಘ ನೋಡುತ್ತದೆ. ಮೂರು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ಅರ್ಥ.

ಮೂರನೆಯ ಭಾಗ: ಹಣದ ಮಾತು

ಹಣ ಕೊಟ್ಟಾಗ ಮಾತ್ರ ತಿಳಿಸಬೇಕು ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಬಿಟ್ಟಿ ಪೊಟ್ಟಣ, ರಿಯಾಯಿತಿ, ತೋಟದಲ್ಲಿ ಎರಡು ದಿನದ ಆತಿಥ್ಯ, ನೆಂಟಸ್ತನ ಇವೆಲ್ಲವೂ ತಿಳಿಸಬೇಕಾದ ಸಂಬಂಧಗಳೇ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೊಟ್ಟ ವಿವರಣೆಯಂತೆ, ಈ ಸೂಚನೆ ವಿಡಿಯೋದ ಭಾಷೆಯಲ್ಲೇ ಇರಬೇಕು; ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು; ಹತ್ತಾರು ಹ್ಯಾಷ್‌ಟ್ಯಾಗ್‌ಗಳ ನಡುವೆ ಹುದುಗಿರಬಾರದು.

ಎಷ್ಟು ಹೊತ್ತು ಕಾಣಬೇಕು ಎಂಬುದಕ್ಕೆ ಜಾಹೀರಾತು ಉದ್ಯಮದವರೇ ಸ್ಥಾಪಿಸಿಕೊಂಡ ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿಯಲ್ಲಿ ಲೆಕ್ಕವಿದೆ. 15 ಸೆಕೆಂಡಿಗಿಂತ ಚಿಕ್ಕ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡು. ಅಲ್ಲಿಂದ 2 ನಿಮಿಷದವರೆಗಿನದರಲ್ಲಿ ಒಟ್ಟು ಅವಧಿಯ ಮೂರನೆಯ ಒಂದು ಭಾಗ. ಅದಕ್ಕೂ ಉದ್ದವಾದರೆ ಸರಕಿನ ಮಾತು ಬರುವ ಭಾಗದುದ್ದಕ್ಕೂ. ನಮ್ಮದು 90 ಸೆಕೆಂಡಿನದು. 30 ಸೆಕೆಂಡು ಸಾಕಾಗುತ್ತಿತ್ತು. ಆದರೆ ಜನ ವಿಡಿಯೋವನ್ನು ತುಂಡುಮಾಡಿ ವಾಟ್ಸಾಪಿನಲ್ಲಿ ಹಂಚುತ್ತಾರೆ, ಸೂಚನೆಯಿಲ್ಲದ ತುಂಡೇ ಊರೆಲ್ಲ ತಿರುಗಬಹುದು. ಅದಕ್ಕಾಗಿ "ಜಾಹೀರಾತು" ಎಂಬ ಪದ ಮೊದಲಿನಿಂದ ಕೊನೆಯವರೆಗೆ ಚಿತ್ರದ ಮೇಲ್ಭಾಗದಲ್ಲಿ ಇರಬೇಕೆಂದು ಬರೆದೆವು. ಯೂಟ್ಯೂಬಿನಲ್ಲಿ ಹಣಪಡೆದ ಪ್ರಚಾರವೆಂದು ಗುರುತು ಹಾಕಿದರೆ Includes paid promotion ಎಂದು ತೋರುತ್ತದೆ. ಅದನ್ನೂ ಹಾಕಬೇಕು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಆರಂಭದಲ್ಲಿ ತೋರಿ ಮರೆಯಾಗುವ ಇಂಗ್ಲಿಷ್ ಸಾಲು ಬೆಳವಣಕಿಯ ಅಜ್ಜಿಗೆ ಏನನ್ನೂ ತಿಳಿಸದು.

ಬಾಯಲ್ಲಿ ಹೇಳುವ ಸೂಚನೆಯಲ್ಲಿ ವಿಷಯ ಕಡ್ಡಾಯ, ಮಾತು ಅವರದು. ಮೊದಲ ಹತ್ತು ಸೆಕೆಂಡಿನೊಳಗೆ ಬರಬೇಕೆಂದಷ್ಟೇ ಕೇಳಿದ್ದೆವು. ಆಕೆ ಹೇಳಿದ್ದು ಹೀಗೆ: "ಈ ಕಾಫಿಪುಡಿ ಬೆಳೆಗಾರರ ಸಂಘದವ್ರು ಕಳಿಸ್ಯಾರ್ರಿ, ವಿಡಿಯೋ ಮಾಡಾಕ ರೊಕ್ಕಾನೂ ಕೊಟ್ಟಾರ. ಕುಡಿದು ನೋಡೇನಿ, ನನಗ ಹೆಂಗನಸೇತಿ ಅಷ್ಟ ಹೇಳತೇನಿ." ಯಾವ ಪ್ರಚಾರ ಸಂಸ್ಥೆಯೂ ಇದಕ್ಕಿಂತ ಚೆನ್ನಾಗಿ ಬರೆಯಲಾರದು.

ಪತ್ರವನ್ನು ಪರೀಕ್ಷಿಸುವ ಬಗೆ

ಸಿದ್ಧವಾದ ಪತ್ರವನ್ನು ಮಾತುಕತೆಯಲ್ಲಿ ಇಲ್ಲದ ಒಬ್ಬರ ಕೈಗೆ ಕೊಟ್ಟು ಮೂರು ಪ್ರಶ್ನೆ ಕೇಳಬೇಕು. ಬದಲಿಸಲಾಗದ ಮಾತುಗಳು ಯಾವುವು? ಕೇಳದೆಯೇ ಬದಲಿಸಬಹುದಾದದ್ದು ಯಾವುದು? ಜಾಹೀರಾತೆಂದು ಎಲ್ಲಿ, ಯಾವಾಗ, ಯಾವ ಪದದಲ್ಲಿ ತಿಳಿಸಬೇಕು? ನಮ್ಮ ಪತ್ರವನ್ನು ಲೆಕ್ಕದ ಗುಮಾಸ್ತರಿಗೆ ಕೊಟ್ಟೆವು. ಬೆರಳಿಟ್ಟು ಮೂರನ್ನೂ ತೋರಿಸಿದರು. ತಡವರಿಸಿದರೆ ತಿದ್ದಬೇಕಾದದ್ದು ಪತ್ರವನ್ನೇ.

ಆಧಾರಗಳ ಪ್ರತಿಗಳನ್ನು ಪತ್ರದ ಜೊತೆಗೇ ಲಗತ್ತಿಸಿ ಕಳುಹಿಸುವುದನ್ನು ಮರೆಯಬಾರದು. ಹೇಳಿಕೆ ನಿಜವೇ ಎಂದು ತಕ್ಕ ಎಚ್ಚರ ವಹಿಸಿ ಪರಿಶೀಲಿಸಿದ್ದರೆ ಅನುಮೋದಿಸಿದವರು ದಂಡಕ್ಕೆ ಗುರಿಯಾಗುವುದಿಲ್ಲವೆಂದು ಕಾಯ್ದೆಯಲ್ಲೇ ಇದೆ. ಹಾಗೆ ಪರಿಶೀಲಿಸಲು ಅವರಿಗೆ ಬೇಕಾದ ಕಾಗದ ಇರುವುದು ನಮ್ಮ ಬೀರುವಿನಲ್ಲಿ.

ಈ ಪತ್ರ ಒಂದೇ ಹಾಳೆಯಷ್ಟಿದೆ. ಸದಸ್ಯರು ಕಚೇರಿಯಲ್ಲಿ ಅದರ ಪ್ರತಿ ಪಡೆಯಬಹುದು. ತಮ್ಮ ಪದಾರ್ಥಕ್ಕೆ ತಕ್ಕಂತೆ ಮೊದಲ ಭಾಗವನ್ನು ಮಾತ್ರ ಬದಲಿಸಿಕೊಂಡರೆ ಸಾಕು.